ಅಡಿಕೆ ಸಾಲಿನ ನಡುವೆ ಯಾವ ಕಾಫಿ? ಗುಬ್ಬಿ ಕಡೆಯಿಂದ ಒಂದು ಲೆಕ್ಕ

ಗುಬ್ಬಿ ಹತ್ತಿರದ ನಮ್ಮ ಭಾವನ ಅಡಿಕೆ ತೋಟದಲ್ಲಿ ಹೋದ ಮಳೆಗಾಲಕ್ಕೆ ಮೊದಲು ಒಂದು ಜಗಳ ಶುರುವಾಯಿತು. ಅಡಿಕೆ ಮಧ್ಯೆ ಕಾಫಿ ಇಡಬೇಕು ಅನ್ನುವುದು ಆಗಲೇ ತೀರ್ಮಾನವಾಗಿತ್ತು. ಯಾವ ಕಾಫಿ ಅನ್ನುವುದು ಮಾತ್ರ ಇತ್ಯರ್ಥವಾಗಿರಲಿಲ್ಲ. ಮೂಡಿಗೆರೆ ಕಡೆಯ ನೆಂಟರೊಬ್ಬರು 'ಹಳೇ ತಳಿ ಎಸ್. 795 ಇಡಿ, ರುಚಿ ಅಂದ್ರೆ ಅದೇ' ಎಂದರು. ಪಕ್ಕದ ತೋಟದವರು 'ಈಗೆಲ್ಲ ಚಂದ್ರಗಿರಿ ಕಣ್ರೀ, ರೋಗ ಬರಲ್ಲ, ಇಳುವರಿ ಜಾಸ್ತಿ' ಎಂದರು. ಭಾವ ನನ್ನ ಕಡೆ ತಿರುಗಿ, 'ನೀನು ಓದಿದೋನು, ನೀನೇ ಹೇಳಪ್ಪ' ಎಂದರು.

ಇದು ಅವರೊಬ್ಬರ ಪ್ರಶ್ನೆ ಅಲ್ಲ. ಈ ಎರಡೂ ತಳಿ ಅರೇಬಿಕಾ ಕಾಫಿಯವೇ. 2024ರ ಕೊನೆಯಲ್ಲಿ ಅರೇಬಿಕಾ ಬೆಲೆ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ 1977ರ ದಾಖಲೆಯನ್ನೂ ದಾಟಿತು. ಅದಾದ ಮೇಲೆ ಬಯಲುಸೀಮೆಯ ತೋಟದವರಿಗೂ ಕಾಫಿ ಮೇಲೆ ಕಣ್ಣು ಬಿದ್ದಿದೆ. ಆದರೆ ತಳಿಯ ಬಗ್ಗೆ ನಮಗೆ ಸಿಗುವ ಸಲಹೆ ಎಲ್ಲ ಮಲೆನಾಡಿನದು. ಅಲ್ಲಿ ಸರಿಯಾದ ಮಾತು ಇಲ್ಲಿ ಎಷ್ಟು ನಿಲ್ಲುತ್ತದೆ ಅಂತ ಒಂದೊಂದಾಗಿ ನೋಡಬೇಕು.

ಮೊದಲಿಗೆ ಆ 'ಹಳೇ ತಳಿ' ಅನ್ನುವ ಮಾತು. ಎಸ್. 795 ನಿಜವಾಗಿ ನಾಟಿ ತಳಿ ಅಲ್ಲ. ಅದೂ ಹೈಬ್ರಿಡ್ಡೇ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಮಾಡಿ, 1940ರ ದಶಕದಲ್ಲಿ ಬೆಳೆಗಾರರಿಗೆ ಕೊಟ್ಟ ತಳಿ ಅದು. ಎಪ್ಪತ್ತೆಂಬತ್ತು ವರ್ಷ ತೋಟದಲ್ಲಿ ಇದ್ದದ್ದರಿಂದ 'ನಮ್ಮಜ್ಜನ ಕಾಲದ್ದು' ಅನ್ನಿಸಿಕೊಂಡಿದೆ, ಅಷ್ಟೆ. ಅದಕ್ಕಿಂತ ಹಿಂದೆ ಬಾಬಾಬುಡನ್‌ಗಿರಿ ಸುತ್ತ ಇದ್ದ, 'ಚಿಕ್' ಅಂತ ಕರೆಯುತ್ತಿದ್ದ ಮೂಲ ಕಾಫಿ, ಕಾಂಡ ಕೊರೆಯುವ ಹುಳು ಮತ್ತು ಎಲೆ ತುಕ್ಕು ರೋಗದ ಹೊಡೆತಕ್ಕೆ ಹತ್ತೊಂಬತ್ತನೇ ಶತಮಾನದಲ್ಲೇ ಹೆಚ್ಚುಕಡಿಮೆ ಮುಗಿದುಹೋಯಿತು. ಅಸಲಿ ಹಳೇ ತಳಿ ಅಂದರೆ ಅದು. ಅದನ್ನು ಇವತ್ತು ಯಾರೂ ಇಡುವುದಿಲ್ಲ.

ಅಲ್ಲಿಂದ ಮುಂದಿನದ್ದೆಲ್ಲ ತುಕ್ಕು ರೋಗ ಮತ್ತು ಗಿಡದ ಓಟದ ಪಂದ್ಯ. 1911ರ ಸುಮಾರಿಗೆ ಕೆಂಟ್ ಎಂಬ ಇಂಗ್ಲಿಷ್ ತೋಟಗಾರ ತನ್ನ ತೋಟದಲ್ಲಿ ತುಕ್ಕು ಹತ್ತದ ಗಿಡವೊಂದನ್ನು ಗುರುತಿಸಿ ಬೀಜ ತೆಗೆದ. ಅದೇ 'ಕೆಂಟ್ಸ್' ತಳಿ. ಕೆಲವು ವರ್ಷ ಚೆನ್ನಾಗಿತ್ತು, ಆಮೇಲೆ ಅದಕ್ಕೂ ತುಕ್ಕು ಬಂತು. ಯಾಕೆ ಅಂತ ಕಂಡುಕೊಂಡವರು ಬಾಳೆಹೊನ್ನೂರಿನಲ್ಲಿದ್ದ ವಿಜ್ಞಾನಿ ಮೇನ್. ತುಕ್ಕು ರೋಗದ ಶಿಲೀಂಧ್ರ ನೋಡೋಕೆ ಒಂದೇ ಥರ ಇದ್ದರೂ ಒಳಗೆ ಬೇರೆ ಬೇರೆ ಜಾತಿಗಳಿವೆ, ಒಂದನ್ನು ತಡೆಯುವ ಗಿಡ ಇನ್ನೊಂದಕ್ಕೆ ಸೋಲುತ್ತದೆ ಎಂದು 1930ರ ದಶಕದಲ್ಲಿ ತೋರಿಸಿಕೊಟ್ಟರು. ತುಕ್ಕಿನ ವಿಷಯದಲ್ಲಿ ಜಗತ್ತಿನಲ್ಲೇ ಇದು ಮೊದಲು, ಅದೂ ನಮ್ಮ ರಾಜ್ಯದಲ್ಲಿ. ಯಾಕೋ ಇದನ್ನು ಯಾರೂ ಜಾಸ್ತಿ ಹೇಳಿಕೊಳ್ಳುವುದಿಲ್ಲ.

ಈ ತಿಳಿವಳಿಕೆಯ ಮೇಲೆ ಎಸ್. 795 ಹುಟ್ಟಿತು. ಒಂದು ಕಡೆ ರುಚಿಯಿದ್ದ ಕೆಂಟ್ಸ್. ಇನ್ನೊಂದು ಕಡೆ ಎಸ್. 288, ಅಂದರೆ ಅರೇಬಿಕಾ ಮತ್ತು ಲೈಬೀರಿಕಾ ಎಂಬ ಇನ್ನೊಂದು ಬಗೆಯ ಕಾಫಿ ತಾವಾಗಿಯೇ ಕೂಡಿ ಹುಟ್ಟಿದ್ದ ಗಿಡದ ಪೀಳಿಗೆ. ಅದಕ್ಕೆ ತುಕ್ಕು ತಡೆಯುವ ಶಕ್ತಿ ಇತ್ತು, ಆದರೆ ಬೀಜ ಸೊಟ್ಟಪಟ್ಟ, ಜೊಳ್ಳು ಜಾಸ್ತಿ. ಎರಡನ್ನೂ ಕೂಡಿಸಿದಾಗ ಬೀಜವೂ ಸರಿಯಾಯಿತು, ತುಕ್ಕೂ ತಡೆಯಿತು. ಎಷ್ಟೋ ವರ್ಷದ ಮೇಲೆ ಹೊಸ ಜಾತಿಯ ತುಕ್ಕು ಬಂದು ಆ ಬೇಲಿಯನ್ನೂ ದಾಟಿತು. ಇವತ್ತು ಮಲೆನಾಡಿನಲ್ಲಿ ಎಸ್. 795 ಇಟ್ಟವರು ಬೋರ್ಡೋ ದ್ರಾವಣ ಹೊಡೆಯದೆ ಇರುವಂತಿಲ್ಲ.

ಚಂದ್ರಗಿರಿಯ ಬೇರು ಬೇರೆ ಕಡೆ ಇದೆ. 1920ರ ದಶಕದಲ್ಲಿ ಟಿಮೋರ್ ದ್ವೀಪದ ಒಂದು ತೋಟದಲ್ಲಿ ಅರೇಬಿಕಾ ಮತ್ತು ರೊಬಸ್ಟಾ ತಾವಾಗಿಯೇ ಕೂಡಿ ಒಂದು ಗಿಡ ಹುಟ್ಟಿತ್ತು. ಅದರೊಳಗೆ ರೊಬಸ್ಟಾದಿಂದ ಬಂದ ತುಕ್ಕು ತಡೆಯುವ ಗುಣ ಒಂದಲ್ಲ, ಹಲವು. ಆ ಟಿಮೋರ್ ಹೈಬ್ರಿಡ್ಡನ್ನು ಗಿಡ್ಡ ಅರೇಬಿಕಾಗಳ ಜೊತೆ ಕೂಡಿಸಿದ್ದರಿಂದ ಒಂದು ದೊಡ್ಡ ಬಳಗವೇ ಬಂತು. ನಮ್ಮಲ್ಲಿ 1980ರ ದಶಕದಲ್ಲಿ ಬಂದ 'ಕಾವೇರಿ' ಅದರದ್ದೇ. ಕಾವೇರಿಯ ತುಕ್ಕು ತಡೆಯುವ ಶಕ್ತಿ ಬಹಳ ಕಡೆ ಬೇಗ ಕುಸಿಯಿತು. ಗಿಡ ಶಕ್ತಿಗೆ ಮೀರಿ ಕಾಯಿ ಕಚ್ಚಿ, ತುದಿಯಿಂದ ಒಣಗುವ ಕಾಯಿಲೆಯೂ ಅದಕ್ಕೆ ಜಾಸ್ತಿ. ಆಮೇಲೆ 2007ರಲ್ಲಿ ಬಿಡುಗಡೆಯಾದದ್ದು ಚಂದ್ರಗಿರಿ. ವಿಲ್ಲಾ ಸಾರ್ಚಿ ಎಂಬ ಗಿಡ್ಡ ತಳಿ ಮತ್ತು ಟಿಮೋರ್ ಹೈಬ್ರಿಡ್ ಸೇರಿದ್ದು. ಎಲೆ ದಪ್ಪ, ಕಡು ಹಸಿರು, ಗೆಣ್ಣುಗಳು ಹತ್ತಿರ ಹತ್ತಿರ, ಬೀಜ ಎಸ್. 795ಗಿಂತ ದಪ್ಪ. ತುಕ್ಕನ್ನು ಇದುವರೆಗೆ ಚೆನ್ನಾಗಿಯೇ ತಡೆದಿದೆ. ಆದರೆ 'ರೋಗ ಬರಲ್ಲ' ಅಂತ ಕಲ್ಲಿನ ಮೇಲೆ ಕೆತ್ತಬೇಡಿ. ಇದೇ ಬಳಗದ ಲೆಂಪಿರಾ ತಳಿಯನ್ನು ಹೊಂಡುರಾಸ್ ದೇಶದಲ್ಲಿ 'ತುಕ್ಕು ಹತ್ತುವುದೇ ಇಲ್ಲ' ಅಂತ ನಂಬಿ ಇಟ್ಟಿದ್ದರು. ಹತ್ತು ವರ್ಷದ ಹಿಂದೆ ಅಲ್ಲೂ ಹತ್ತಿತು.

ಈಗ ಗುಬ್ಬಿಗೆ ಬರೋಣ.

ತುಕ್ಕು ರೋಗಕ್ಕೆ ಬೇಕಾದದ್ದು ನೀರು. ಎಲೆಯ ಅಡಿಭಾಗ ಗಂಟೆಗಟ್ಟಲೆ ಒದ್ದೆಯಾಗಿದ್ದು, ಹವೆ ಇಪ್ಪತ್ತರಿಂದ ಇಪ್ಪತ್ತೈದು ಡಿಗ್ರಿ ಆಸುಪಾಸಿನಲ್ಲಿ ಇದ್ದರೆ ಅದಕ್ಕೆ ಹಬ್ಬ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೀಗೇ ಇರುತ್ತದೆ. ನಮ್ಮ ತುಮಕೂರು ಜಿಲ್ಲೆಯಲ್ಲಿ ವರ್ಷಕ್ಕೆಲ್ಲ ಸೇರಿ ಬೀಳುವುದು ಆರೇಳು ನೂರು ಮಿಲಿಮೀಟರ್. ಅರೇಬಿಕಾಗೆ ಪುಸ್ತಕದಲ್ಲಿ ಹೇಳುವ ಮಳೆಯ ಅರ್ಧವೂ ಇಲ್ಲ. ಹಾಗಾಗಿ ಇಲ್ಲಿ ತುಕ್ಕು ಬಂದರೂ ಅಲ್ಲಿಯಷ್ಟು ಕಾಡುವುದಿಲ್ಲ. ಚಂದ್ರಗಿರಿಯ ದೊಡ್ಡ ಗುಣ ಏನಿದೆಯೋ, ಅದರ ಬೆಲೆ ಇಲ್ಲಿ ಕಡಿಮೆ. ಕೊಡೆ ಒಳ್ಳೆಯದೇ, ಆದರೆ ಮಳೆ ಎಷ್ಟು ಬೀಳುತ್ತದೆ ಅಂತ ನೋಡಿ ತಾನೇ ಕೊಳ್ಳೋದು?

ಇದಕ್ಕೊಂದು ಅಪವಾದ ಇದೆ. ತೋಟ ದಟ್ಟವಾಗಿ, ಗಾಳಿ ಆಡದೆ, ಸಂಜೆ ಹೊತ್ತು ಸ್ಪ್ರಿಂಕ್ಲರ್ ಹಾರಿಸುವ ಅಭ್ಯಾಸ ಇದ್ದರೆ ಎಲೆ ರಾತ್ರಿಯಿಡೀ ಒದ್ದೆ. ಅಂಥ ತೋಟದಲ್ಲಿ ನಾವೇ ಒಂದು ಸಣ್ಣ ಮಲೆನಾಡು ಮಾಡಿಕೊಂಡಿರುತ್ತೇವೆ. ತುಕ್ಕು ಬಂದಿದೆಯೋ ಇಲ್ಲವೋ ಅಂತ ನೋಡುವುದು ಸುಲಭ. ಮೇಲೆ ಹಳದಿ ಚುಕ್ಕೆ ಇದ್ದ ಎಲೆಯನ್ನು ಮಗುಚಿ, ಅಡಿಗೆ ಬೆರಳಾಡಿಸಿ. ಬೆರಳಿಗೆ ಕಿತ್ತಳೆ ಬಣ್ಣದ ಪುಡಿ ಹತ್ತಿದರೆ ಅದೇ. ಬರೀ ಕಂದು ಕಲೆ ಇದ್ದು ಪುಡಿ ಹತ್ತದಿದ್ದರೆ ಬಿಸಿಲಿನ ಸುಡು ಅಥವಾ ಬೇರೆ ಏನೋ. ಬೋರ್ಡೋ ದ್ರಾವಣವೂ ಅಡಿಕೆಯವರಿಗೆ ಹೊಸದಲ್ಲ. ಅಡಿಕೆಗೆ ಶೇ. 1ರದ್ದು, ಕಾಫಿಗೆ ಅದರ ಅರ್ಧ: 200 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮಳೆಗೆ ಮೊದಲು ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಹೊಡೆದರೆ ಇಲ್ಲಿಯ ಎಸ್. 795ಗೆ ಸಾಕಾಗಬಹುದು ಅನ್ನುವುದು ನನ್ನ ಅಂದಾಜು. ಹೊಡೆಯುವ ಮುಂಚೆ ಚಾಕುವಿನ ಅಲಗನ್ನು ಒಂದು ನಿಮಿಷ ಅದ್ದಿ ನೋಡಿ. ತಾಮ್ರದ ಕೆಂಪು ಬಣ್ಣ ಹತ್ತಿದರೆ ಸುಣ್ಣ ಸಾಲದು, ಎಲೆ ಸುಡುತ್ತದೆ.

ಹಾಗಾದರೆ ಇಲ್ಲಿ ಗಿಡ ಕೊಲ್ಲುವುದು ಯಾವುದು? ಬಿಳಿ ಕಾಂಡ ಕೊರಕ. ಈ ವಿಷಯದಲ್ಲಿ ಹಳೇದು, ಹೊಸದು ಅನ್ನುವ ಜಗಳಕ್ಕೆ ಅರ್ಥವೇ ಇಲ್ಲ. ಎಸ್. 795ನ್ನೂ ತಿನ್ನುತ್ತದೆ, ಚಂದ್ರಗಿರಿಯನ್ನೂ ತಿನ್ನುತ್ತದೆ. ಟಿಮೋರ್ ಹೈಬ್ರಿಡ್ಡಿನಿಂದ ಬಂದದ್ದು ತುಕ್ಕು ತಡೆಯುವ ಗುಣವೇ ಹೊರತು ಹುಳು ತಡೆಯುವ ಗುಣ ಅಲ್ಲ. 'ರೋಗ ನಿರೋಧಕ' ಅಂತ ಕೇಳಿದ ತಕ್ಷಣ ಎಲ್ಲದಕ್ಕೂ ನಿರೋಧಕ ಅಂದುಕೊಳ್ಳುವವರು ಮೋಸ ಹೋಗುವುದು ಇಲ್ಲೇ.

ಈ ಹುಳುವಿನ ದುಂಬಿಗೆ ಬಿಸಿಲು ಅಂದರೆ ಪ್ರೀತಿ. ಏಪ್ರಿಲ್–ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಾರಾಡುತ್ತದೆ. ಬಿಸಿಲು ಬೀಳುವ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿ ಮೊದಲು ತೊಗಟೆಯ ಕೆಳಗೆ ಸುತ್ತಾಡಿ, ಆಮೇಲೆ ಒಳಗಿನ ಗಟ್ಟಿ ಕಾಂಡಕ್ಕೆ ನುಗ್ಗುತ್ತದೆ. ಅಡಿಕೆ ಮರದ ನೆರಳು ನೆತ್ತಿಯ ಮೇಲೆ ಮಾತ್ರ. ಮಧ್ಯಾಹ್ನ ಮೂರರ ಮೇಲೆ ಪಡುವಣ ಬಿಸಿಲು ಸಾಲಿನ ಸಂದಿಯಿಂದ ಓರೆಯಾಗಿ ಬಂದು ನೇರ ಕಾಂಡಕ್ಕೇ ಹೊಡೆಯುತ್ತದೆ. ಭಾವನ ತೋಟದ ಅಂಚಿನಲ್ಲಿ ಹಿಂದೆ ಯಾರೋ ಇಟ್ಟ ಏಳೆಂಟು ಹಳೆಯ ಕಾಫಿ ಗಿಡ ಇದ್ದವು. ಅದರಲ್ಲಿ ಒಂದರ ಎಲೆ ಹಳದಿಯಾಗಿ ಜೋತುಬಿದ್ದಿತ್ತು. 'ನೀರು ಸಾಲ್ದು' ಅಂತ ಭಾವ ಎರಡು ಬಿಂದಿಗೆ ಜಾಸ್ತಿ ಹಾಕುತ್ತಿದ್ದರು. ಕಾಂಡಕ್ಕೆ ಕೈ ಆಡಿಸಿದರೆ ಮೊಣಕಾಲೆತ್ತರದಲ್ಲಿ ಉಂಗುರದ ಥರ ಉಬ್ಬು ಸಿಕ್ಕಿತು, ಪಡುವಣ ದಿಕ್ಕಿಗೇ. ಕತ್ತರಿಸಿ ಸೀಳಿದರೆ ಒಳಗೆ ಮರದ ಪುಡಿ ಗಟ್ಟಿಯಾಗಿ ತುಂಬಿದ ಸುರಂಗ, ಅದರ ಕೊನೆಯಲ್ಲಿ ಅಕ್ಕಿ ಬಣ್ಣದ ಹುಳು. ಅಷ್ಟು ದಿನ ಹಾಕಿದ ನೀರೆಲ್ಲ ಆ ಹುಳುವಿಗೆ ಹಾಕಿದಂತೆ ಆಗಿತ್ತು.

ಇದಕ್ಕೆ ತಳಿಯಲ್ಲಿ ಉತ್ತರ ಇಲ್ಲ, ಕೆಲಸದಲ್ಲಿದೆ. ದುಂಬಿ ಹಾರುವ ಮುಂಚೆ ತೆಂಗಿನ ನಾರಿನಿಂದ ಕಾಂಡದ ಸಡಿಲ ತೊಗಟೆ ಉಜ್ಜಬೇಕು. 200 ಲೀಟರ್ ನೀರಿಗೆ 20 ಕೆಜಿ ಸುಣ್ಣ ಕಲಸಿ ಕಾಂಡಕ್ಕೂ ದಪ್ಪ ಕೊಂಬೆಗೂ ಬಳಿಯಬೇಕು. ಉಬ್ಬು ಸಿಕ್ಕ ಗಿಡವನ್ನು ಮಾರ್ಚ್ ಒಳಗೆ, ಇನ್ನೊಂದು ಸಲ ಸೆಪ್ಟೆಂಬರ್ ಒಳಗೆ, ಬೇರು ಸಮೇತ ಕಿತ್ತು ಸುಡಬೇಕು. ಪಡುವಣ ಅಂಚಿಗೆ ಬಾಳೆಯೋ ಹಾಲವಾಣವೋ ಇಡಬೇಕು.

ಇಳುವರಿಯ ಮಾತು ಬಂದಾಗ ಒಂದು ಲೆಕ್ಕ ಹಾಕಿ ನೋಡೋಣ, ಯಾಕೆಂದರೆ ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಚಂದ್ರಗಿರಿ, ಕಾವೇರಿಯಂಥ ಗಿಡ್ಡ ತಳಿಗಳು ಎಕರೆಗೆ ಜಾಸ್ತಿ ಕೊಡುತ್ತವೆ ಅನ್ನುವುದರ ಹಿಂದೆ ಎರಡು ಕಾರಣ ಬೆರೆತಿವೆ. ಒಂದು, ಗೆಣ್ಣು ಹತ್ತಿರ ಇರುವುದರಿಂದ ಅಷ್ಟೇ ಉದ್ದದ ಕೊಂಬೆಯಲ್ಲಿ ಹಣ್ಣಿನ ಗೊಂಚಲು ಜಾಸ್ತಿ. ಇನ್ನೊಂದು, ಗಿಡ ಗಿಡ್ಡ ಆದ್ದರಿಂದ ಹತ್ತಿರ ಹತ್ತಿರ ಇಡಬಹುದು. ಎತ್ತರದ ಎಸ್. 795ನ್ನು ಆರಡಿಗೆ ಆರಡಿ ಇಟ್ಟರೆ ಎಕರೆಗೆ 1,210 ಗಿಡ. ಗಿಡ್ಡದ್ದನ್ನು ಐದಕ್ಕೆ ಐದು ಇಟ್ಟರೆ 1,742. ಗಿಡದ ಲೆಕ್ಕದಲ್ಲೇ ನೂರಕ್ಕೆ ನಲವತ್ತನಾಲ್ಕು ಜಾಸ್ತಿ.

ಈಗ ಅಡಿಕೆ ತೋಟ ನೋಡಿ. ಅಡಿಕೆ ಇರುವುದು ಒಂಬತ್ತು ಅಡಿಗೆ ಒಂಬತ್ತು ಅಡಿ, ಅಂದರೆ ಎಕರೆಗೆ ಸುಮಾರು 537 ಮರ. ನಾಲ್ಕು ಮರದ ಮಧ್ಯೆ ಒಂದು ಕಾಫಿ ಗಿಡ ಅಂದರೆ, ದಾರಿ, ಬಸಿಗಾಲುವೆ ಕಳೆದು 500 ಗಿಡ. ಎತ್ತರದ್ದು ಇಟ್ಟರೂ 500, ಗಿಡ್ಡದ್ದು ಇಟ್ಟರೂ 500. ಹತ್ತಿರ ಇಡುವ ಲಾಭ ಇಲ್ಲಿ ಪೂರ್ತಿ ಕೈಬಿಟ್ಟುಹೋಯಿತು. ಉಳಿದದ್ದು ಗಿಡದಿಂದ ಗಿಡಕ್ಕಿರುವ ವ್ಯತ್ಯಾಸ ಮಾತ್ರ.

ಲೆಕ್ಕಕ್ಕೆ ಹೀಗೆ ಹಿಡಿಯಿರಿ. ಎಸ್. 795 ಬರೀ ಕಾಫಿ ತೋಟದಲ್ಲಿ ಎಕರೆಗೆ 400 ಕೆಜಿ ಕ್ಲೀನ್ ಕಾಫಿ, ಅಂದರೆ ಸಿಪ್ಪೆಯೆಲ್ಲ ಹೋದ ಒಣ ಬೀಜ, ಕೊಟ್ಟರೆ ಗಿಡಕ್ಕೆ 330 ಗ್ರಾಂ ಬಿತ್ತು. ಗಿಡ್ಡ ತಳಿ ಎಕರೆಗೆ 500 ಕೆಜಿ ಕೊಟ್ಟರೆ ಎಲ್ಲರೂ ಭೇಷ್ ಅನ್ನುತ್ತಾರೆ, ಆದರೆ ಗಿಡಕ್ಕೆ ಹಂಚಿದರೆ 287 ಗ್ರಾಂ. ಅಡಿಕೆಯ ಮಧ್ಯೆ 500 ಗಿಡಕ್ಕೆ ಮೊದಲನೆಯದು 165 ಕೆಜಿ, ಎರಡನೆಯದು 143 ಕೆಜಿ. ಎಕರೆ ಲೆಕ್ಕದಲ್ಲಿ ಗೆದ್ದದ್ದು ಗಿಡದ ಲೆಕ್ಕದಲ್ಲಿ ಸೋತಿತು! ನಿಮ್ಮ ತೋಟದಲ್ಲಿ ಅಂಕಿ ಬೇರೆ ಬರಬಹುದು. ಜಾಗ ವಿಶಾಲವಾಗಿ ಸಿಕ್ಕರೆ ಚಂದ್ರಗಿರಿ ಗಿಡವೂ ಚೆನ್ನಾಗಿ ಹರಡಿ ಜಾಸ್ತಿ ಹೊರುತ್ತದೆ. ಆದರೆ 'ಎಕರೆಗೆ ಇಷ್ಟು ಚೀಲ' ಅಂತ ಯಾರಾದರೂ ಹೇಳಿದರೆ 'ಎಕರೆಗೆ ಎಷ್ಟು ಗಿಡ ಸ್ವಾಮಿ?' ಅಂತ ಕೇಳದೆ ಬಿಡಬೇಡಿ.

ಗಿಡ್ಡ ತಳಿಯ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಎಸ್. 795 ಬಿಟ್ಟರೆ ಬೆಳೆಯುತ್ತಲೇ ಹೋಗುತ್ತದೆ. ಐದಡಿಗೆ ತಲೆ ಕತ್ತರಿಸಿ, ವರ್ಷ ವರ್ಷ ಬೇಡದ ಚಿಗುರು ತೆಗೆಯುತ್ತಾ ಇರಬೇಕು. ಮಲೆನಾಡಿನ ಆಳಿಗೆ ಅದು ಕೈಕೆಲಸ. ಗುಬ್ಬಿಯಲ್ಲಿ ಅಡಿಕೆ ಸುಲಿಯುವವರೇ ಸಿಗದಿರುವಾಗ ಕಾಫಿ ಚಿಗುರು ತೆಗೆಯಲು ಗೊತ್ತಿರುವವರನ್ನು ಎಲ್ಲಿಂದ ತರೋದು? ಇದಕ್ಕೆ ಎದುರಾಗಿ ಇನ್ನೊಂದು ಭಯ. ಚಂದ್ರಗಿರಿಯ ಬಳಗಕ್ಕೆ ಎಳೆಯ ವಯಸ್ಸಿನಲ್ಲೇ ಸಿಕ್ಕಾಪಟ್ಟೆ ಕಾಯಿ ಕಚ್ಚುವ ಚಾಳಿ. ಹೊಟ್ಟೆಗೆ ಸಾಕಷ್ಟು ಗೊಬ್ಬರ, ನೀರು ಇಲ್ಲದಿದ್ದರೆ ಎಲೆ ಉದುರಿ ಕೊಂಬೆ ತುದಿಯಿಂದ ಕಪ್ಪಾಗುತ್ತದೆ. ಏಪ್ರಿಲ್‌ನಲ್ಲಿ ಮೂವತ್ತೇಳು ಡಿಗ್ರಿ ಏರುವ, ಬೋರಿನ ನೀರು ಅಡಿಕೆಗೇ ಸಾಲದ ಊರಲ್ಲಿ ಇದು ಸಣ್ಣ ವಿಷಯ ಅಲ್ಲ. ಇದನ್ನು ಪತ್ತೆ ಮಾಡುವುದು ಹೀಗೆ: ನೂರು ಹಣ್ಣು ಕಿತ್ತು ಬಕೆಟ್ ನೀರಿಗೆ ಹಾಕಿ. ಎಷ್ಟು ತೇಲುತ್ತವೋ ಅಷ್ಟು ಜೊಳ್ಳು. ಹೊತ್ತಷ್ಟು ಕಾಯಿಗೆ ಗಿಡ ಊಟ ಹಾಕಲಿಲ್ಲ ಅಂತ ಅರ್ಥ.

ಇನ್ನು ರುಚಿ. ಎಸ್. 795ಗೆ ಹದವಾದ ಹುಳಿ, ಹಿಂದೆ ಬೆಲ್ಲದಂಥ ಒಂದು ಸಿಹಿ ಇದೆ ಅನ್ನುತ್ತಾರೆ, ಸುಳ್ಳಲ್ಲ. ಟಿಮೋರ್ ಬಳಗಕ್ಕೆ ರೊಬಸ್ಟಾ ರಕ್ತ ಇರುವುದರಿಂದ ರುಚಿ ಒರಟು ಅನ್ನುವ ಆರೋಪ ಜಗತ್ತಿನಾದ್ಯಂತ ಇದೆ. ಕೆಲವು ಸಾಲುಗಳಿಗೆ ಅದು ನಿಜ, ಎಲ್ಲದಕ್ಕೂ ಅಲ್ಲ. ಕೊಲಂಬಿಯಾದಲ್ಲಿ ಇದೇ ಬಳಗದ ಕಾಸ್ಟಿಯೋ ತಳಿಯನ್ನೂ ಹಳೆಯ ಕಟುರಾ ತಳಿಯನ್ನೂ ಅಕ್ಕಪಕ್ಕ ಇಟ್ಟು ರುಚಿ ನೋಡಿಸಿದಾಗ ಹಳೆಯದು ಸುಲಭವಾಗಿ ಗೆಲ್ಲಲಿಲ್ಲ.

ಮೂಡಿಗೆರೆ ನೆಂಟರ ಮನೆಯಲ್ಲಿ ನಾವೂ ಒಂದು ಪರೀಕ್ಷೆ ಮಾಡಿದೆವು. ಮೂರು ಲೋಟ. ಒಂದರಲ್ಲಿ ಎಸ್. 795, ಇನ್ನೊಂದರಲ್ಲಿ ಚಂದ್ರಗಿರಿ, ಎರಡೂ ಕೆಂಪು ಹಣ್ಣು ಮಾತ್ರ ಆರಿಸಿ, ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ದು. ಮೂರನೆಯದೂ ಚಂದ್ರಗಿರಿಯೇ, ಆದರೆ ಹಸಿರು, ಕೆಂಪು, ಒಣಗಿದ್ದು ಎಲ್ಲ ಒಟ್ಟಿಗೆ ಸವರಿ ಮಣ್ಣಿನ ಕಣದಲ್ಲಿ ಹರಡಿದ್ದು. ಒಂದೇ ಹದಕ್ಕೆ ಹುರಿದು, ತರಿಯಾಗಿ ಪುಡಿ ಮಾಡಿ, 150 ಮಿಲಿಲೀಟರ್ ಬಿಸಿನೀರಿಗೆ ಎಂಟು ಗ್ರಾಂ ಚಿಲ್ಲರೆ ಪುಡಿ. ನಾಲ್ಕು ನಿಮಿಷ ಬಿಟ್ಟು ಮೇಲಿನ ಕೆನೆ ಒಡೆದು, ಚಮಚದಲ್ಲಿ ಹೀರಿದೆವು. ಮೊದಲ ಎರಡರ ಮಧ್ಯೆ ಯಾವುದು ಯಾವುದು ಅಂತ ವಾದ ನಡೆಯಿತು, ನೆಂಟರೇ ಒಮ್ಮೆ ತಪ್ಪು ಹೇಳಿ ನಕ್ಕರು. ಮೂರನೆಯದನ್ನು ಕಾಫಿಯ ಗಂಧಗಾಳಿ ಇಲ್ಲದ ನನ್ನ ಅಕ್ಕ ಕೂಡ ಮೂಗಿಗೆ ಹಿಡಿದ ತಕ್ಷಣ, 'ಇದೇನೋ ಗೋಣಿಚೀಲದ ವಾಸನೆ' ಎಂದಳು. ಆಮೇಲೆ ಮೊದಲೆರಡನ್ನೂ ಚಿಕೋರಿ ಬೆರೆಸಿ, ಫಿಲ್ಟರ್‌ನಲ್ಲಿ ಇಳಿಸಿ, ಹಾಲು ಸಕ್ಕರೆ ಹಾಕಿ ಕೊಟ್ಟರು. ವ್ಯತ್ಯಾಸ ಯಾರಿಗೂ ಸಿಗಲಿಲ್ಲ.

ನಮ್ಮ ಕಡೆ ಇದಕ್ಕೊಂದು ತೊಡಕೂ ಇದೆ. 500 ಗಿಡದವನು ಸಿಪ್ಪೆ ತೆಗೆಯುವ ಪಲ್ಪರ್ ಇಟ್ಟುಕೊಳ್ಳುವುದಿಲ್ಲ. 165 ಕೆಜಿ ಕ್ಲೀನ್ ಕಾಫಿ ಅಂದರೆ ಸುಮಾರು ಒಂದು ಟನ್ ಹಣ್ಣು, ಅದೂ ನವೆಂಬರ್‌ನಿಂದ ಜನವರಿವರೆಗೆ ನಾಲ್ಕೈದು ಕೊಯ್ಲಿನಲ್ಲಿ ಬರುವುದು. ಹಾಗಾಗಿ ಹಣ್ಣನ್ನು ಹಾಗೇ ಒಣಗಿಸಿ ಚೆರ್ರಿ ಮಾರುತ್ತಾರೆ. ಚೆರ್ರಿ ಕೊಳ್ಳುವವನು ನೋಡುವುದು ಔಟ್‌ಟರ್ನ್, ಅಂದರೆ 50 ಕೆಜಿ ಚೀಲ ಒಡೆದರೆ ಎಷ್ಟು ಬೀಜ ಸಿಗುತ್ತದೆ ಅಂತ. ಯಾವ ತಳಿ ಅಂತ ಆತ ಕೇಳುವುದೂ ಇಲ್ಲ. ಹೀಗಿರುವಾಗ ರುಚಿಗಾಗಿ ಎಸ್. 795 ಇಡುತ್ತೇನೆ ಅನ್ನುವುದು, ಆ ರುಚಿಗೆ ದುಡ್ಡು ಕೊಡುವವನು ಸಿಗುವ ತನಕ, ಸುಮ್ನೆ ಮನಸ್ಸಿನ ಸಮಾಧಾನಕ್ಕೆ.

ರೊಬಸ್ಟಾ ಯಾಕಲ್ಲ ಅಂತ ಕೇಳುತ್ತೀರಿ. ತುಕ್ಕೂ ಕಾಂಡ ಕೊರಕವೂ ಅದನ್ನು ಹೆಚ್ಚು ಕಾಡುವುದಿಲ್ಲ, ಶಾಖವನ್ನೂ ಚೆನ್ನಾಗಿ ತಾಳುತ್ತದೆ. ಆದರೆ ಅದರ ಹೂವಿಗೆ ಫೆಬ್ರವರಿ–ಮಾರ್ಚ್‌ನಲ್ಲಿ ಒಂದು ಇಂಚಿಗೂ ಮೇಲೆ ನೀರು ಮಳೆಯಂತೆ ಮೇಲಿಂದಲೇ ಬೀಳಬೇಕು, ಕೆಲವು ವಾರ ಬಿಟ್ಟು ಮತ್ತೊಮ್ಮೆ. ನಮ್ಮ ತೋಟದ ಡ್ರಿಪ್‌ನ ಹನಿಗೆ ಆ ಮೊಗ್ಗು ಸರಿಯಾಗಿ ಬಿಚ್ಚುವುದಿಲ್ಲ. ಹೇಮಾವತಿ ನೀರು ತುಂಬಿದ ಕೆರೆಯ ಪಕ್ಕದವರಿಗೆ, ಸ್ಪ್ರಿಂಕ್ಲರ್ ಇರುವವರಿಗೆ ರೊಬಸ್ಟಾ ನೋಡಬಹುದು. ಭಾವನಿಗೆ ಇರುವುದು ಬೋರು ಮತ್ತು ಡ್ರಿಪ್ ಮಾತ್ರ.

ಕೊನೆಗೆ ಎಲ್ಲರೂ ಮರೆಯುವ ಒಂದು ವಿಷಯ: ನೀವು ತರುವ ಸಸಿ ನಿಜವಾಗಿ ಆ ತಳಿಯೇನಾ? ನಾಲ್ಕು ವರ್ಷದ ಹಿಂದೆ ನಾನೇ ಒಂದು ನರ್ಸರಿಯಿಂದ 'ಚಂದ್ರಗಿರಿ' ಅಂತ ಇನ್ನೂರು ಸಸಿ ತಂದು ನಮ್ಮ ತೆಂಗಿನ ಮಧ್ಯೆ ಇಟ್ಟಿದ್ದೆ. ಎರಡನೇ ವರ್ಷಕ್ಕೆ ಮೂವತ್ತಕ್ಕೂ ಜಾಸ್ತಿ ಗಿಡ ಉಳಿದವುಗಳ ತಲೆ ಮೇಲಿಂದ ಇಣುಕುತ್ತಿದ್ದವು. ಗೆಣ್ಣಿನಿಂದ ಗೆಣ್ಣಿಗೆ ಮೂರು ಬೆರಳು ಅಂತರ, ಎಲೆ ತೆಳು. ಯಾವುದೋ ತೋಟದ ಬೆರಕೆ ಬೀಜ. ಅರೇಬಿಕಾ ಬಹುಪಾಲು ತನ್ನದೇ ಹೂಪುಡಿಯಿಂದ ಕಾಯಿ ಕಟ್ಟುತ್ತದೆ, ಆದರೆ ಪೂರ್ತಿ ಅಲ್ಲ. ಪಕ್ಕದಲ್ಲಿ ಬೇರೆ ತಳಿ ಇರುವ ತೋಟದ ಬೀಜದಲ್ಲಿ ಹೀಗೆ ಬೆರಕೆ ನುಸುಳುತ್ತದೆ. ಕೇಳೋಕೆ ಹೋದರೆ ನರ್ಸರಿಯವರು 'ನೆಲ ಚೆನ್ನಾಗಿದೆ, ಅದಕ್ಕೇ ಎತ್ತರ ಬಂದಿದೆ ಸಾರ್' ಎಂದರು. ಕಾಫಿ ಬೋರ್ಡಿನಿಂದಲೇ ಬೀಜ ತಂದು ಮನೆಯಲ್ಲಿ ಪಾತಿ ಮಾಡಿಕೊಳ್ಳುವುದು ಒಂದು ವರ್ಷ ತಡ, ಆದರೆ ಇಂಥ ಜೋಕು ಕೇಳುವುದು ತಪ್ಪುತ್ತದೆ.

ಭಾವನಿಗೆ ನಾನು ಹೇಳಿದ್ದು ಇಷ್ಟು. ಚಿಗುರು ತೆಗೆಯಲು ಆಳು ಸಿಗುವ ಗ್ಯಾರಂಟಿ ಇಲ್ಲ, ಹಾಗಾಗಿ ಹೆಚ್ಚಿನದು ಚಂದ್ರಗಿರಿ ಇರಲಿ. ತುಕ್ಕಿನ ಭಯಕ್ಕಲ್ಲ, ಕೈಗೆ ಎಟಕುವ ಎತ್ತರಕ್ಕೆ. ಮೊದಲೆರಡು ಫಸಲಿನಲ್ಲಿ ಕಾಯಿ ಜಾಸ್ತಿ ಕಂಡರೆ ಅರ್ಧ ಕಿತ್ತು ಎಸೆಯಲು ಮನಸ್ಸು ಗಟ್ಟಿ ಮಾಡಿಕೊಳ್ಳಿ. ನಡುವೆ ಎರಡು ಸಾಲು ಎಸ್. 795 ಇಡಿ, ನಿಮ್ಮ ನೆಲದಲ್ಲೇ ಗಿಡಕ್ಕೆ ಎಷ್ಟು ಅಂತ ತೂಗಿ ನೋಡೋಣ. ಅವರು ಅರ್ಧ ಕೇಳಿದರು. ಬೀಜಕ್ಕೆ ಬರೆದು ಹಾಕಿದ್ದಾರೆ. ಈಗ ದಿನಾ ಮಧ್ಯಾಹ್ನ ಮೂರೂವರೆಗೆ ತೋಟಕ್ಕೆ ಹೋಗಿ, ಓರೆ ಬಿಸಿಲು ಯಾವ ಯಾವ ಸಂದಿಯಿಂದ ಬರುತ್ತದೆ ಅಂತ ನೋಡಿ, ಅಲ್ಲಲ್ಲಿ ಗೂಟ ಹೊಡೆದು ಬರುತ್ತಿದ್ದಾರೆ. ಮಳೆ ಬೀಳುವ ಮುಂಚೆ ಆ ಗೂಟದ ಜಾಗಕ್ಕೆಲ್ಲ ಬಾಳೆ ಕಂದು ಬೀಳಬೇಕು.